ಮೊಟ್ಟೆ ಸಿಪ್ಪೆ ಬಿಡ್ಲಿಲ್ಲ ಅಂತ ಅಂಗಡಿಯವರನ್ನ ಬೈಬೇಡಿ

1/5
ನಮ್ಮ ಕ್ಲಾಸಲ್ಲಿ ಪಿಜಿಲಿರೋ ಅರ್ಧ ಜನಕ್ಕೆ ರಾತ್ರಿ ಊಟ ಅಂದ್ರೆ ಬೇಯಿಸಿದ ಮೊಟ್ಟೆ. ಆ ಅರ್ಧದಲ್ಲಿ ಮುಕ್ಕಾಲು ಜನ ಮೊಟ್ಟೆ ಸುಲಿದ್ರೆ ಅದು ಚಂದ್ರನ ಮೇಲ್ಮೈ ಥರ ಗುಂಡಿ ಗುಂಡಿ. ಆಮೇಲೆ ಒಂದೇ ಡೈಲಾಗು: "ಅಂಗಡಿಯವನು ಹಳೇ ಮೊಟ್ಟೆ ಕೊಟ್ಟಿದ್ದಾನೆ ಗುರು."

ಉಲ್ಟಾ ಕಣ್ರೋ, ಪೂರ್ತಿ ಉಲ್ಟಾ. ಸಿಪ್ಪೆಗೆ ಅಂಟಿಕೊಳ್ಳೋದು ಹೊಸ ಮೊಟ್ಟೆ. ಇಟ್ಟ ಹೊಸದರಲ್ಲಿ ಮೊಟ್ಟೆಯ ಲೋಳೆಯೊಳಗೆ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತೆ. ದಿನ ಕಳೆದ ಹಾಗೆ ಅದು ಸಿಪ್ಪೆಯ ಸಣ್ಣ ಸಣ್ಣ ರಂಧ್ರಗಳಿಂದ ಹೊರಗೆ ಹೋಗುತ್ತೆ, ಲೋಳೆ ಹೆಚ್ಚು ಹೆಚ್ಚು ಕ್ಷಾರ ಆಗುತ್ತೆ, ಬೆಂದ ಮೇಲೆ ಒಳಪೊರೆಗೆ ಅಂಟೋದು ಕಮ್ಮಿ ಆಗುತ್ತೆ. ಅಂದ್ರೆ ಪಾಪ, ತಾಜಾ ಮೊಟ್ಟೆ ಕೊಟ್ಟಿದ್ದಕ್ಕೇ ಆ ಅಂಗಡಿ ಅಂಕಲ್ ಬೈಗುಳ ತಿಂತಿದ್ದಾರೆ.

ಅನುಮಾನ ಇದ್ರೆ ಹಸಿ ಮೊಟ್ಟೆನ ಒಂದು ಲೋಟ ನೀರಿಗೆ ಬಿಡಿ. ತಳದಲ್ಲಿ ಅಡ್ಡ ಮಲಗಿದ್ರೆ ಹೊಸದು. ದಪ್ಪ ತುದಿ ಮೇಲೆ ಮಾಡಿ ನೆಟ್ಟಗೆ ನಿಂತ್ರೆ ಸ್ವಲ್ಪ ದಿನದ್ದು, ತಿನ್ನಬಹುದು. ತೇಲಿದ್ರೆ ಬೇಡ.

2/5
ಹಾಗಿದ್ರೆ ತಪ್ಪು ಯಾರದು? ತಣ್ಣೀರಿನದು. ಪಾತ್ರೆಗೆ ನಲ್ಲಿ ನೀರು, ಅದರಲ್ಲಿ ಮೊಟ್ಟೆ, ಕೆಳಗೆ ಉರಿ. ಅಮ್ಮಂದಿರಿಂದ ಹಿಡಿದು ರೀಲ್ಸ್ ಮಾಡೋರ ತನಕ ಎಲ್ಲರೂ ಹೇಳಿಕೊಡೋದು ಇದನ್ನೇ. ನೀರು ನಿಧಾನಕ್ಕೆ ಬಿಸಿ ಆದಾಗ ಲೋಳೆಯೂ ನಿಧಾನಕ್ಕೆ ಗಟ್ಟಿಯಾಗ್ತಾ, ಪೊರೆಯನ್ನೇ ಹಿಡ್ಕೊಂಡು ಕೂರುತ್ತೆ. ಕುದಿಯೋ ನೀರಿಗೆ ನೇರ ಇಳಿಸಿದ್ರೆ ಹೊರಗಿನ ಬಿಳಿ ಪಟ್ ಅಂತ ತನ್ನೊಳಗೇ ಬಿಗಿದುಕೊಳ್ಳುತ್ತೆ, ಪೊರೆಯಿಂದ ದೂರ ಉಳಿಯುತ್ತೆ. ಹೊಸ ಮೊಟ್ಟೆಗೂ ಇದು ನಡೆಯುತ್ತೆ.

ಉಪ್ಪು ಹಾಕಿ, ವಿನೆಗರ್ ಹಾಕಿ, ಸೋಡಾ ಹಾಕಿ ಅಂತ ಕಾಮೆಂಟಲ್ಲಿ ಬರೋರಿಗೆ: ಚಿಟಿಕೆ ಉಪ್ಪಿಂದ ಸಿಪ್ಪೆ ಬಿಡಲ್ಲ. ಬೇಯೋವಾಗ ಸಿಪ್ಪೆ ಬಿರುಕು ಬಿಟ್ರೆ ಸೋರಿದ ಲೋಳೆ ಬೇಗ ಗಟ್ಟಿ ಆಗುತ್ತೆ, ಅಷ್ಟೇ ಉಪಯೋಗ.

3/5
ಕಾಸ್ಟಿಂಗ್ ಕ್ಲಾಸಲ್ಲಿ ನಾರ್ಮಲ್ ಲಾಸ್, ಅಬ್‌ನಾರ್ಮಲ್ ಲಾಸ್ ಅಂತ ತಲೆ ತಿಂದಿದ್ರಲ್ಲ, ಅದನ್ನ ಅಡುಗೆಮನೆಗೆ ತಂದೆ. ಸಿಪ್ಪೆ ನಾರ್ಮಲ್ ಲಾಸ್, ಸಿಪ್ಪೆ ಜೊತೆ ಕಿತ್ತು ಬರೋ ಬಿಳಿ ಅಬ್‌ನಾರ್ಮಲ್ ಲಾಸ್.

ಒಂದೇ ಟ್ರೇಯ ಆರು ಮೊಟ್ಟೆ, ಒಂದೊಂದು ಸುಮಾರು 53 ಗ್ರಾಂ. ಮೂರನ್ನ ತಣ್ಣೀರಲ್ಲಿ ಇಟ್ಟು ಬೇಯಿಸಿದೆ, ಮೂರನ್ನ ಕುದಿಯೋ ನೀರಿಗೆ ಇಳಿಸಿದೆ. ಸುಲಿದು ಸಿಪ್ಪೆ ತೂಗಿದೆ. ಕುದಿ ನೀರಿನ ಮೂರರ ಸಿಪ್ಪೆ 19 ಗ್ರಾಂ. ತಣ್ಣೀರಿನ ಮೂರರದ್ದು 34. ಆ 15 ಗ್ರಾಂ ಬಿಳಿ, ಅಂದ್ರೆ ಒಂದು ಮೊಟ್ಟೆಯ ಬಿಳಿಯಲ್ಲಿ ಅರ್ಧ, ಕಸದ ಬುಟ್ಟಿಗೆ. ಮೊಟ್ಟೆಗೆ 7 ರೂಪಾಯಿ ಹಿಡಿದ್ರೆ 21 ರೂಪಾಯಲ್ಲಿ ಎರಡು ಕಾಲು ರೂಪಾಯಿ ಹೋಯ್ತು.

"ಎರಡು ರೂಪಾಯಿಗೆ ಇಷ್ಟು ಉದ್ದ ಕ್ಯಾಪ್ಷನ್ನಾ?" ಅಂತೀರ. ನಮ್ಮ ಸರ್ಕಾರಿ ಶಾಲೆಗಳನ್ನ ನೆನಪಿಸ್ಕೊಳ್ಳಿ. 2021ರ ಡಿಸೆಂಬರಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡೋಕೆ ಶುರು ಮಾಡಿದ್ರು, ಆಮೇಲೆ ರಾಜ್ಯಕ್ಕೆಲ್ಲ ಬಂತು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಹಣದಿಂದ ವಾರಕ್ಕೆ ಆರು ದಿನ ಆಯ್ತು. ಮೊಟ್ಟೆಗೆ 6 ರೂಪಾಯಿ ಲೆಕ್ಕ, ಅದರಲ್ಲೇ ಬೇಯಿಸೋ ಖರ್ಚು, ಸುಲಿಯೋ ಕೂಲಿ. ಕೊಡಬೇಕಾ ಬೇಡ್ವಾ ಅಂತ ಟಿವಿಲಿ ಎಷ್ಟು ಗಲಾಟೆ! ಬೆಳಿಗ್ಗೆ ಇನ್ನೂರು ಮೊಟ್ಟೆ ಸುಲಿಯೋ ಅಡುಗೆ ಅಕ್ಕನ ಬೆರಳಿನ ಬಗ್ಗೆ ಮಾತ್ರ ಯಾರೂ ಮಾತಾಡ್ಲಿಲ್ಲ. ದೊಡ್ಡ ಹಂಡೆಗೆ ಇನ್ನೂರು ಮೊಟ್ಟೆ ಒಟ್ಟಿಗೆ ಸುರಿದ್ರೆ ಕುದಿಯೋ ನೀರೂ ತಣ್ಣಗಾಗುತ್ತೆ, ಅದು ನಿಜ. ಅದಕ್ಕೆ ಹಬೆ ಇದೆ. ಹಬೆ ಚೆನ್ನಾಗಿ ಬಂದ ಮೇಲೆ ಮೊಟ್ಟೆ ಒಳಗಿಟ್ರೆ ಪೊರೆಯಿಂದ ಅದೇ ಥರ ಬಿಡುತ್ತೆ. ಮನೇಲಿ ಇಡ್ಲಿ ಪಾತ್ರೆ ಸಾಕು, ಇಡ್ಲಿ ಗುಳಿಯಲ್ಲಿ ಮೊಟ್ಟೆ ಅಳತೆ ತಗೊಂಡು ಮಾಡಿದ ಹಾಗೆ ಕೂರುತ್ತೆ. (ನಮ್ಮ ಏರಿಯಾದ ಅರ್ಧ ಮನೆಗಳಲ್ಲಿ ಇಡ್ಲಿ ಪಾತ್ರೆಗೆ ಮೊಟ್ಟೆ ಹಾಕಿದ್ರೆ ನಿಮ್ಮನ್ನೂ ಪಾತ್ರೆನೂ ಒಟ್ಟಿಗೆ ಹೊರಗೆ ಹಾಕ್ತಾರೆ, ಅದು ನಿಮ್ಮ ರಿಸ್ಕು.)

4/5
ಈಗ ಟೈಮು. ಫಾರಿನ್ ವಿಡಿಯೋ ನೋಡಿ ಸೆಕೆಂಡ್ ಲೆಕ್ಕ ಹಾಕೋರೇ, ಅವರ ಮೊಟ್ಟೆ ಫ್ರಿಜ್‌ನಿಂದ ಬಂದದ್ದು, ದೊಡ್ಡದು. ನಮ್ಮದು ಅಂಗಡಿ ಮುಂದಿನ ಟ್ರೇಯಿಂದ ಬಂದದ್ದು, ಚಿಕ್ಕದು. ಇನ್ನೊಂದು ಕಡೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ನೀರು 100 ಅಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಇದರಿಂದ ಗಟ್ಟಿ ಮೊಟ್ಟೆಗೆ ಅರ್ಧ ನಿಮಿಷ ಹೆಚ್ಚು ಬೇಕು. ಫ್ರಿಜ್‌ನಿಂದ ಆಗೋ ವ್ಯತ್ಯಾಸ ಅದಕ್ಕಿಂತ ದೊಡ್ಡದು, ಒಂದು ನಿಮಿಷದ ಮೇಲೆ.

ಯಡಿಯೂರು ಲೆಕ್ಕ ಹೀಗಿದೆ. ನಾಲ್ಕು ಮೊಟ್ಟೆಗೆ ಒಂದೂವರೆ ಲೀಟರ್ ನೀರು, ಜೋರಾಗಿ ಕುದಿಬೇಕು. ಸೌಟಲ್ಲಿ ಒಂದೊಂದೇ ಇಳಿಸಿ, ಮೇಲಿಂದ ಹಾಕಿದ್ರೆ ಒಡೆಯುತ್ತೆ. ಟೈಮರ್ ಒತ್ತಿ, ಉರಿ ಸ್ವಲ್ಪ ತಗ್ಗಿಸಿ, ಕುದಿ ಮಾತ್ರ ನಿಲ್ಲಬಾರದು. ಹೊರಗಿಟ್ಟ ಮೊಟ್ಟೆ 6 ನಿಮಿಷಕ್ಕೆ ತೆಗೆದ್ರೆ ಹಳದಿ ಹರಿಯುತ್ತೆ. 8ಕ್ಕೆ ಅಂಚು ಗಟ್ಟಿ, ನಡುವೆ ಜಾಮ್ ಥರ. 11ಕ್ಕೆ ಪೂರ್ತಿ ಗಟ್ಟಿ. ಫ್ರಿಜ್‌ದಾದ್ರೆ ಒಂದು ನಿಮಿಷ ಸೇರಿಸಿ, ಹಬೆಯಲ್ಲಾದ್ರೆ ಇನ್ನೊಂದು. ಹರಿಯೋ ಹಳದಿ ನಮ್ಮಂಥ ಗಟ್ಟಿಮುಟ್ಟಾದವರಿಗೆ ಮಾತ್ರ. ಮಕ್ಕಳು, ವಯಸ್ಸಾದವರು, ಗರ್ಭಿಣಿಯರಿಗೆ ಗಟ್ಟಿದೇ ಕೊಡಿ, ಸಾಲ್ಮೊನೆಲ್ಲಾ ಭಯ ಇದ್ದೇ ಇದೆ.

ಕುಕ್ಕರಲ್ಲಿ ಮೂರು ವಿಷಲ್ ಹೊಡೆಸೋರೇ, ನಿಮ್ಮ ಮೊಟ್ಟೆ ಸಿಪ್ಪೆ ಚೆನ್ನಾಗಿ ಬಿಡುತ್ತೆ, ಒಪ್ತೀನಿ, ಅಲ್ಲೂ ಹಬೆನೇ ತಾನೆ. ಆದ್ರೆ ಹಳದಿ ಸುತ್ತ ಆ ಹಸಿರು-ಬೂದು ಉಂಗುರ? ಕೆಟ್ಟ ಮೊಟ್ಟೆ ಅಲ್ಲ ಅದು. ಹೆಚ್ಚು ಬೆಂದಾಗ ಬಿಳಿಯಿಂದ ಬರೋ ಗಂಧಕದ ಅನಿಲ ಹಳದಿಯ ಕಬ್ಬಿಣದ ಜೊತೆ ಸೇರಿದ ಗುರುತು. ಆ ನಾತಾನೂ ಅದೇ ಅನಿಲದ್ದು. ಮೊಟ್ಟೆ ತಂದ್ರೆ ರೂಮ್ ಖಾಲಿ ಮಾಡಿ ಅನ್ನೋ ಓನರ್ ಇರೋರಿಗೆ ಈ ವಿಷಯ ಸಿಲಬಸ್‌ಗಿಂತ ಮುಖ್ಯ.

5/5
ಸುಲಿಯೋದು. ಟೈಮ್ ಆದ ತಕ್ಷಣ ತಣ್ಣೀರಿಗೆ. ಐಸ್ ಇಲ್ಲಾಂದ್ರೆ ನಲ್ಲಿ ನೀರು, ಎರಡು ಸಲ ಬದಲಾಯಿಸಿ, ಐದು ನಿಮಿಷ ಬಿಡಿ. ಇದು ಇರೋದು ಒಳಗಿನ ಬೇಯೋದು ನಿಲ್ಲಲಿ ಅಂತ. ಬಿಸಿ ತಟ್ಟೆಯಲ್ಲಿ ಬಿಟ್ರೆ 6 ನಿಮಿಷದ ಮೊಟ್ಟೆ ತಾನಾಗೇ 8ರದ್ದಾಗುತ್ತೆ.

ದಪ್ಪ ತುದಿಯನ್ನ ಮೊದಲು ಕುಟ್ಟಿ, ಗಾಳಿ ಇರೋದು ಅಲ್ಲಿ. ಗಟ್ಟಿ ಮೊಟ್ಟೆನ ಆಮೇಲೆ ಅಂಗೈ ಕೆಳಗೆ ಮೆಲ್ಲಗೆ ಹೊರಳಿಸಿ. ಹರಿಯೋ ಹಳದಿದನ್ನ ಹೊರಳಿಸಬೇಡಿ, ಸೀಳಿಹೋಗುತ್ತೆ. ಚಮಚದ ಹಿಂಭಾಗದಿಂದ ಸುತ್ತಲೂ ತಟ್ಟಿ. ಎರಡಕ್ಕೂ ಉಗುರು ಹೋಗಬೇಕಾದ್ದು ಸಿಪ್ಪೆ ಕೆಳಗಲ್ಲ, ಬಿಳಿ ಪೊರೆ ಕೆಳಗೆ. ಪೊರೆ ಸಿಕ್ಕಿದ್ರೆ ಸಿಪ್ಪೆ ಪಟ್ಟಿ ಪಟ್ಟಿಯಾಗಿ ಬರುತ್ತೆ. ಸಿಗದಿದ್ರೆ ಬಟ್ಟಲ ನೀರಲ್ಲಿ ಮುಳುಗಿಸಿ ಸುಲೀರಿ, ನೀರು ನುಗ್ಗಿ ಬಿಡಿಸುತ್ತೆ.

ಕೆಟಲ್‌ನಲ್ಲಿ ಬೇಯಿಸೋರು ಕಾಮೆಂಟಲ್ಲಿ ಜಗಳಕ್ಕೆ ಬರ್ತೀರ ಅಂತ ಗೊತ್ತು. ಕೆಟಲ್ ಕುದಿ ಬಂದ ತಕ್ಷಣ ಆಫ್ ಆಗುತ್ತೆ, ಆಮೇಲೆ ನೀರು ಇಳೀತಾನೇ ಹೋಗುತ್ತೆ, ಮೇಲಿನ ಒಂದು ನಿಮಿಷದ ಲೆಕ್ಕವೂ ಅಲ್ಲಿ ನಡೆಯಲ್ಲ. ಅದರಲ್ಲಿ ನೀರು ಮಾತ್ರ ಕಾಯಿಸ್ಕೊಂಡು ಇಂಡಕ್ಷನ್ ಮೇಲಿನ ಪಾತ್ರೆಗೆ ಸುರೀರಿ, ಗ್ಯಾಸ್ ಇರೋರಿಗಿಂತ ಬೇಗ ಕುದಿ ಬರುತ್ತೆ.