ಮೂರು ಸೆಕೆಂಡುಗಳ ಪ್ರಭಾವನೆ

ತೀರ್ಥಕ್ಷೇತ್ರ, ಸ್ತೋತ್ರ, ಪುರಾಣಕಥೆಗಳನ್ನು ಕುರಿತ ಕಿರುವಿಡಿಯೋಗಳು ಇಂದು ಶ್ರಾವಕರ ಮನೆಮನೆಯ ಮೊಬೈಲುಗಳನ್ನು ತಲುಪಿವೆ. 2020ರಲ್ಲಿ ಟಿಕ್‌ಟಾಕ್ ನಿಷೇಧಗೊಂಡು, ಅದೇ ವರ್ಷ ಇನ್‌ಸ್ಟಾಗ್ರಾಂ ರೀಲ್ಸ್ ಹಾಗೂ ಯೂಟ್ಯೂಬ್ ಶಾರ್ಟ್ಸ್ ಭಾರತಕ್ಕೆ ಬಂದ ಮೇಲೆ ಬಸದಿಗಳ ಆಡಳಿತ ಮಂಡಳಿಗಳೂ ಯುವಕ ಸಂಘಗಳೂ ಈ ಮಾಧ್ಯಮಕ್ಕೆ ಕೈಹಾಕಿದವು. ಇವುಗಳಲ್ಲಿ ಕೆಲವು ಆರಂಭವಾಗುವ ಧಾಟಿಯನ್ನು ಗಮನಿಸಬೇಕು: "ಸರಿಸಬೇಡಿ, ಪದ್ಮಾವತಿ ಮಾತೆ ನಿಮ್ಮನ್ನು ಪರೀಕ್ಷಿಸುತ್ತಿದ್ದಾಳೆ", "ಇದನ್ನು ಪೂರ್ತಿ ಕೇಳಿದವರ ಸಾಲ ಏಳು ದಿನಗಳಲ್ಲಿ ತೀರುತ್ತದೆ." ನೋಡುಗನ ಹೆಬ್ಬೆರಳು ಪರದೆಯನ್ನು ಮೇಲಕ್ಕೆ ತಳ್ಳುವ ಮೊದಲು ದೊರೆಯುವ ಅವಕಾಶ ಸುಮಾರು ಮೂರು ಸೆಕೆಂಡು. ಅಷ್ಟರೊಳಗೆ ಅವನನ್ನು ಹಿಡಿದು ನಿಲ್ಲಿಸುವ ಮಾತಿಗೆ ಆ ಕಸುಬಿನವರು 'ಹುಕ್' ಎನ್ನುತ್ತಾರೆ. ಹುಕ್ ಎಂದರೆ ಕೊಕ್ಕೆ, ಗಾಳ. ನೀರನ್ನು ಸೋಸಿ ಕುಡಿಯುವ ಸಮಾಜ ಗಾಳದ ಹೆಸರನ್ನು ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದು ವಿಚಿತ್ರವೇ. ಆದರೂ ಹೆಸರಿನ ಮಾತು ಹಾಗಿರಲಿ. ಆ ಗಾಳಕ್ಕೆ ಸಿಕ್ಕಿಸುವ ಎರೆ ಯಾವುದು ಎಂಬುದೇ ಇಲ್ಲಿನ ಪ್ರಶ್ನೆ.

ಇಂಥ ಆರಂಭಗಳನ್ನು ಸಮರ್ಥಿಸುವವರು ಪ್ರಭಾವನೆಯ ಹೆಸರು ಹೇಳುತ್ತಾರೆ. ಧರ್ಮವನ್ನು ಬೆಳಗಿಸುವುದು ಸಮ್ಯಗ್ದರ್ಶನದ ಒಂದು ಅಂಗವಲ್ಲವೇ, ಹೇಗಾದರೂ ನಾಲ್ಕು ಜನ ನೋಡಲಿ ಎನ್ನುತ್ತಾರೆ. ಅಂಗವೆಂಬುದು ನಿಜ. ಆದರೆ ಎಂಟು ಅಂಗಗಳ ಪಟ್ಟಿಯಲ್ಲಿ ಪ್ರಭಾವನೆ ಕೊನೆಯದು. ಅದಕ್ಕೂ ಮುಂಚೆ, ಎರಡನೆಯದಾಗಿ ನಿಷ್ಕಾಂಕ್ಷಿತ, ನಾಲ್ಕನೆಯದಾಗಿ ಅಮೂಢದೃಷ್ಟಿ ಇವೆ. ಸಾಲ ತೀರುವ ಆಸೆ ತೋರಿಸಿ ನಿಲ್ಲಿಸುವ ಮಾತು ಎರಡನೆಯದನ್ನು ಮುರಿಯುತ್ತದೆ. ದೇವಿ ಮುನಿಯುವಳೆಂದು ಹೆದರಿಸಿ ನಿಲ್ಲಿಸುವ ಮಾತು ನಾಲ್ಕನೆಯದನ್ನು ಮುರಿಯುತ್ತದೆ. ಎರಡು ಅಂಗಗಳನ್ನು ಕಡಿದು ಎಂಟನೆಯದನ್ನು ಬೆಳೆಸಲು ಹೊರಟದ್ದು ಯಾವ ಬಗೆಯ ಪ್ರಭಾವನೆ? ವರದ ಆಸೆಯಿಂದ ರಾಗದ್ವೇಷವುಳ್ಳ ದೇವತೆಗಳನ್ನು ಉಪಾಸಿಸುವುದನ್ನು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ದೇವಮೂಢತೆ ಎಂದು ಹೆಸರಿಸಿದೆ. ಜಿನನಾದರೋ ವೀತರಾಗ. ಅವನು ಹಾಲೆರೆದವನಿಗೆ ಒಲಿಯುವುದಿಲ್ಲ, ಪರದೆ ಸರಿಸಿದವನಿಗೆ ಮುನಿಯುವುದೂ ಇಲ್ಲ. ಒಂದು ವಿಡಿಯೋದ ಮೊದಲ ವಾಕ್ಯವೇ ಈ ಮಾತನ್ನು ಅಲ್ಲಗಳೆದರೆ ಉಳಿದ ನಲವತ್ತು ಸೆಕೆಂಡು ಅದು ಯಾರ ಸ್ತೋತ್ರವನ್ನು ಹಾಡುತ್ತದೆ?

ಇಂಥ ಮಾತುಗಳಿಗೆ ಜನ ನಿಲ್ಲುವುದಿಲ್ಲ ಎಂದು ಹೇಳಿ ಸಮಾಧಾನಪಟ್ಟುಕೊಳ್ಳುವಂತಿಲ್ಲ. ನಿಲ್ಲುತ್ತಾರೆ. ಸಾಲದಲ್ಲಿರುವವನು, ಮಗಳ ಮದುವೆಯ ಚಿಂತೆಯಲ್ಲಿರುವ ತಾಯಿ, ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಳಿತಿರುವವರು ಎಲ್ಲರಿಗಿಂತ ಮೊದಲು ನಿಲ್ಲುತ್ತಾರೆ. ಆಕ್ಷೇಪವಿರುವುದು ಅಲ್ಲಿಯೇ.

ಇನ್ನೊಂದು ಪಕ್ಷದ ಹಿರಿಯರಿದ್ದಾರೆ. ಅವರಿಗೆ ಹುಕ್ ಎಂಬುದೇ ಅಪಚಾರ. ಅವರ ವಿಡಿಯೋ ಸಂಸ್ಥೆಯ ಲಾಂಛನದಿಂದ ತೊಡಗಿ, ಶಂಖಧ್ವನಿಯ ಮೂಲಕ ಹಾದು, "ಸಮಸ್ತ ಧರ್ಮಬಂಧುಗಳಿಗೆ ಜಯ ಜಿನೇಂದ್ರ" ಎಂಬಲ್ಲಿಗೆ ಬಂದು, ಪ್ರಾಯೋಜಕ ದಾನಿಗಳ ನಾಮಾವಳಿಯನ್ನು ಮುಗಿಸುವ ಹೊತ್ತಿಗೆ ಹತ್ತು ಸೆಕೆಂಡು ಕಳೆದಿರುತ್ತದೆ; ನೋಡುಗ ಹೊರಟುಹೋಗಿರುತ್ತಾನೆ. ಸಭೆಯಲ್ಲಿ ಕುಳಿತವರು ಅರ್ಧದಲ್ಲಿ ಏಳಲು ಸಂಕೋಚಪಡುತ್ತಾರೆ, ಮೊಬೈಲಿಗೆ ಆ ದಾಕ್ಷಿಣ್ಯವಿಲ್ಲ. ಹಾಗಾದರೆ ಭಯವನ್ನೂ ಲೋಭವನ್ನೂ ಮುಟ್ಟದೆ ಮೂರು ಸೆಕೆಂಡುಗಳಲ್ಲಿ ನಿಲ್ಲಿಸುವುದು ಸಾಧ್ಯವೇ? ಕಥೆಯ ಒಳಗಿನ ಗಂಟನ್ನೇ ಮುಂದಿಟ್ಟರೆ ಸಾಧ್ಯ. ಒಂದು ಉದಾಹರಣೆಯನ್ನು ತೆಗೆದುಕೊಂಡು ನೋಡಬಹುದು.

ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯ ಕಥೆ ಎಲ್ಲರಿಗೂ ತಿಳಿದದ್ದು. ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯ ಹೆಮ್ಮೆಯಿಂದ ಅಭಿಷೇಕಕ್ಕೆ ನಿಂತ. ಕೊಡಕೊಡಗಳಷ್ಟು ಹಾಲು ಸುರಿದರೂ ಅದು ತೊಡೆಯಿಂದ ಕೆಳಗೆ ಇಳಿಯಲಿಲ್ಲ. ಬಡ ಅಜ್ಜಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಹಾಲು ಮಾತ್ರ ಪಾದದವರೆಗೆ ಹರಿಯಿತು. ಇದನ್ನು ನಲವತ್ತೈದು ಸೆಕೆಂಡುಗಳ ವಿಡಿಯೋ ಮಾಡಲು ಹೊರಟವರು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: "ಹಾಸನ ಜಿಲ್ಲೆಯ ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಗಂಗರ ಮಂತ್ರಿಯಾದ ಚಾವುಂಡರಾಯನು ಪ್ರತಿಷ್ಠಾಪಿಸಿದ ಐವತ್ತೆಂಟು ಅಡಿ ಎತ್ತರದ ಗೊಮ್ಮಟೇಶ್ವರ ಮೂರ್ತಿಗೆ..." ತಪ್ಪೇನೂ ಇಲ್ಲದ ವಾಕ್ಯ. ಆದರೆ ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಯಲ್ಲಿ. ಮೂರು ಸೆಕೆಂಡು ಮುಗಿಯುವಾಗ ಕೇಳುವವನ ಕೈಯಲ್ಲಿ ಬರಿಯ ವಿಶೇಷಣಗಳಿರುತ್ತವೆ, ಏನಾಯಿತೆಂಬುದು ಇರುವುದಿಲ್ಲ. ಬರಹದಲ್ಲಿ ಕಣ್ಣು ಮುಂದೋಡಿ ಕ್ರಿಯಾಪದವನ್ನು ಹಿಡಿದೀತು. ಕಿವಿಗೆ ಆ ಸೌಲಭ್ಯವಿಲ್ಲ. ಆದುದರಿಂದ ಮೊದಲ ವಾಕ್ಯ ತನ್ನ ಕ್ರಿಯಾಪದವನ್ನು ಮೂರು ಸೆಕೆಂಡುಗಳೊಳಗೆ ಮುಟ್ಟಲೇಬೇಕು. ಸಹಜ ವೇಗದಲ್ಲಿ ಓದಿದರೆ ಅಷ್ಟರಲ್ಲಿ ಹದಿನಾರರಿಂದ ಇಪ್ಪತ್ತು ಅಕ್ಷರಗಳು ಹಿಡಿಸುತ್ತವೆ. ಸ್ಥಳ, ಕಾಲ, ಪದವಿಗಳೆಲ್ಲ ಎರಡನೆಯ ವಾಕ್ಯಕ್ಕೆ ಕಾಯಬಹುದು.

ಹಾಗೆ ಸೋಸಿದಾಗ ಉಳಿಯುವುದು: "ಹಾಲು ತೊಡೆಯಿಂದ ಕೆಳಗೆ ಇಳಿಯಲಿಲ್ಲ." ಯಾವ ಹಾಲು, ಯಾರ ತೊಡೆ, ಏಕೆ ಇಳಿಯಲಿಲ್ಲ ಎಂಬ ಮೂರು ಪ್ರಶ್ನೆಗಳನ್ನು ಈ ಪುಟ್ಟ ವಾಕ್ಯ ಎಬ್ಬಿಸುತ್ತದೆ, ಕೇಳುವವನ ಸಾಲಸೋಲದ ಗೋಜಿಗೆ ಹೋಗುವುದಿಲ್ಲ. ಆದರೂ ಒಂದು ತೊಡಕು ಉಳಿಯಿತು. ಇದು ಐತಿಹ್ಯ, ಶಾಸನದ ಸಾಕ್ಷ್ಯವಲ್ಲ. ತೊಡೆಯಲ್ಲ, ಸೊಂಟ ಎನ್ನುವ ಪಾಠವೂ ಉಂಟು. ನಡೆದ ಇತಿಹಾಸವೆಂಬಂತೆ ಸಾರಿದರೆ ಸತ್ಯಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದಾದ ಮಿಥ್ಯೋಪದೇಶದ ಅಂಚಿಗೆ ಬಂದಂತೆ. "ಜನಪ್ರಿಯ ಐತಿಹ್ಯವೊಂದರ ಪ್ರಕಾರ" ಎಂದು ಸೇರಿಸಿದರೆ ಮೂರು ಸೆಕೆಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಯೇ ಖರ್ಚಾಯಿತು. ಕನ್ನಡ ಇಲ್ಲಿ ಕೈಹಿಡಿಯುತ್ತದೆ: "ಹಾಲು ತೊಡೆಯಿಂದ ಕೆಳಗೆ ಇಳಿಯಲೇ ಇಲ್ಲವಂತೆ." ಹದಿನೇಳು ಅಕ್ಷರ. ಕೊನೆಯ 'ಅಂತೆ' ಎಂಬುದು ಕೇಳಿದ ಮಾತು ಇದು, ಕಂಡದ್ದಲ್ಲ ಎಂದು ಒಪ್ಪಿಕೊಳ್ಳುತ್ತದೆ; ಅಜ್ಜಿ ಮೊಮ್ಮಗನಿಗೆ ಕಥೆ ಹೇಳುವ ಧ್ವನಿಯನ್ನೂ ತರುತ್ತದೆ. ಹಲವರು ಬಿಗಿ ತಪ್ಪುತ್ತದೆಂದು ಈ 'ಅಂತೆ'ಯನ್ನು ಕತ್ತರಿಸುತ್ತಾರೆ. ಕತ್ತರಿಸಿದಾಗ ಉಳಿಯುವ ಸಮಯ ಅರ್ಧ ಸೆಕೆಂಡೂ ಇಲ್ಲ.

ಇದೇ ಕಥೆಯಲ್ಲಿ ಗಾಳದ ಎರೆಯೂ ಇದೆ. ಕೂಷ್ಮಾಂಡಿನೀ ದೇವಿಯೇ ಅಜ್ಜಿಯ ವೇಷದಲ್ಲಿ ಬಂದಳೆಂದು ಹೇಳುವುದುಂಟು. "ದೇವಿಯ ಈ ಪವಾಡ ಕಂಡರೆ ಬೆರಗಾಗುವಿರಿ" ಎಂದು ತೊಡಗಿಸಿದರೆ ಕಥೆ ಚಾವುಂಡರಾಯನ ಹೆಮ್ಮೆಯನ್ನು ಬಿಟ್ಟು ಪವಾಡದ ಬೆನ್ನು ಹತ್ತುತ್ತದೆ. ಮಾನಕಷಾಯ ಕರಗುವ ಕಥೆಯನ್ನು ಹೇಳಲು ಕುಳಿತವರು ಅದನ್ನೇ ಕೈಬಿಟ್ಟಂತಾಗುತ್ತದೆ.

ಚಿತ್ರದ ವಿಷಯದಲ್ಲಿಯೂ ಎಚ್ಚರ ಬೇಕು. 2018ರ ಮಹಾಮಸ್ತಕಾಭಿಷೇಕದ ದೃಶ್ಯ ಸುಲಭವಾಗಿ ಸಿಗುತ್ತದೆಂದು ಅದನ್ನೇ ಮೊದಲಿಗೆ ಹಾಕುವವರುಂಟು. ಅದರಲ್ಲಿ ಹಾಲು ಮೇಲಿನಿಂದ ಪಾದದವರೆಗೂ ಧಾರಾಳವಾಗಿ ಹರಿಯುತ್ತದೆ. ಮಾತು ಇಳಿಯಲಿಲ್ಲ ಎನ್ನುವಾಗ ಚಿತ್ರ ಇಳಿಯಿತು ಎಂದರೆ ನೋಡುಗ ಗೊಂದಲದಲ್ಲಿ ಜಾರುತ್ತಾನೆ. ದೃಶ್ಯವನ್ನು ಅರ್ಧಕ್ಕೆ ತಡೆದು ಹಾಲು ನಿಂತಂತೆ ತೋರಿಸಿದರೆ ಅದು ಕೂಟಲೇಖದ ಹೊಸ ರೂಪ. ವಿಂಧ್ಯಗಿರಿಯ ಮೇಲೆ ಗೊಮ್ಮಟನಿಗೆ ಇದಿರಾಗಿ ಗುಳ್ಳಕಾಯಜ್ಜಿಯ ಕಲ್ಲಿನ ಮೂರ್ತಿ ನಿಂತಿದೆ. ಅವಳ ಎರಡು ಕೈಗಳನ್ನೂ ಅವು ಹಿಡಿದ ಕಾಯಿಯನ್ನೂ ಮಾತ್ರ ಹತ್ತಿರದಿಂದ ತೋರಿಸಿ, ಮುಖವನ್ನು ಕೊನೆಯವರೆಗೆ ಉಳಿಸಿಕೊಳ್ಳಬಹುದು. ಅನೇಕರು ಧ್ವನಿಯಿಲ್ಲದೆಯೇ ನೋಡುವುದರಿಂದ ಅದೇ ವಾಕ್ಯವನ್ನು ಎರಡು ಸಾಲಿನಲ್ಲಿ ಪರದೆಯ ಮೇಲೆ ಬರೆಯಬೇಕು. ಪರದೆಯ ತಳಭಾಗವನ್ನು ಶೀರ್ಷಿಕೆಯೂ ಬಲ ಅಂಚನ್ನು ಗುಂಡಿಗಳೂ ಮುಚ್ಚುತ್ತವೆ, ಆದುದರಿಂದ ಬರಹ ನಡುವಿಗಿಂತ ಸ್ವಲ್ಪ ಮೇಲಿರಲಿ. ಕನ್ನಡದ ಒತ್ತಕ್ಷರಗಳನ್ನು ಒಡೆದು ತೋರಿಸುವ ಅಕ್ಷರವಿನ್ಯಾಸಗಳೂ ಇವೆ. ಪ್ರಕಟಿಸುವ ಮುನ್ನ ಮೊಬೈಲಿನಲ್ಲಿಯೇ ಓದಿ ನೋಡಬೇಕು.

ಮೊದಲ ವಾಕ್ಯ ಎಬ್ಬಿಸಿದ ಪ್ರಶ್ನೆಗೆ ಉತ್ತರ ಅದೇ ವಿಡಿಯೋದಲ್ಲಿ ಸಿಗಬೇಕು. ಅದು ನೋಡುಗನಲ್ಲಿ ಮಾಡಿದ ಸಾಲ. ಎರಡನೆಯ ವಾಕ್ಯದಲ್ಲಿ ಚಾವುಂಡರಾಯನೂ ಬೆಟ್ಟವೂ ಬರಲಿ, ಇಪ್ಪತ್ತನೆಯ ಸೆಕೆಂಡಿನ ಸುಮಾರಿಗೆ ಅಜ್ಜಿ ಬರಲಿ, ಮೂವತ್ತೈದರೊಳಗೆ ಹಾಲು ಪಾದ ಮುಟ್ಟಲಿ. "ಉತ್ತರಕ್ಕಾಗಿ ಮುಂದಿನ ಭಾಗ ನೋಡಿ" ಎನ್ನುವುದು ಸಾಲ ಪಡೆದು ಊರು ಬಿಟ್ಟವನ ನಡತೆ.

ಇದು ಫಲಿಸಿತೋ ಇಲ್ಲವೋ ಎಂದು ತಿಳಿಯಲು ಟ್ರಸ್ಟಿನ ಸಭೆಗಳಲ್ಲಿ ವೀಕ್ಷಣೆಗಳ ಸಂಖ್ಯೆಯನ್ನಷ್ಟೇ ಓದುತ್ತಾರೆ. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸಿನಲ್ಲಿ ವಿಡಿಯೋ ಓಡಲು ತೊಡಗಿದೊಡನೆ ಒಂದು ವೀಕ್ಷಣೆ ಎಣಿಕೆಯಾಗುತ್ತದೆ, ಮರುಕ್ಷಣ ಸರಿಸಿದವನೂ ಅದರಲ್ಲಿ ಸೇರುತ್ತಾನೆ. ನೋಡಬೇಕಾದದ್ದು ಎಷ್ಟು ಮಂದಿ ನಿಂತರು, ಎಷ್ಟು ಮಂದಿ ಸರಿಸಿದರು ಎಂಬ ಪಾಲನ್ನು, ಮತ್ತು ಸೆಕೆಂಡು ಸೆಕೆಂಡಿಗೆ ಉಳಿದವರನ್ನು ತೋರಿಸುವ ರೇಖೆಯನ್ನು. ರೇಖೆ ಮೊದಲ ಮೂರು ಸೆಕೆಂಡಿನಲ್ಲಿಯೇ ಕುಸಿದರೆ ದೋಷ ಮೊದಲ ವಾಕ್ಯದ್ದು ಅಥವಾ ಮೊದಲ ಚಿತ್ರದ್ದು. ಅಲ್ಲಿ ನಿಂತು ಏಳೆಂಟನೆಯ ಸೆಕೆಂಡಿನಲ್ಲಿ ಕುಸಿದರೆ ಕೊಟ್ಟ ಮಾತಿನ ದಾರಿಯನ್ನು ಕಥೆ ಬಿಟ್ಟಿದೆ ಎಂದರ್ಥ. ಬಹುಶಃ ಅಲ್ಲಿ ದಾನಿಗಳ ಹೆಸರು ನುಸುಳಿರುತ್ತದೆ.

ಇಷ್ಟೆಲ್ಲ ತಿಳಿದವನಿಗೂ ಒಂದು ಗೆರೆ ಉಂಟು. ಕೇಶಲೋಚನದಲ್ಲಿ ಕೂದಲು ಕೀಳುವ ಕೈಯನ್ನು, ಸಲ್ಲೇಖನದಲ್ಲಿರುವವರ ಬತ್ತಿದ ಮುಖವನ್ನು ಮೊದಲ ಚಿತ್ರವಾಗಿ ಹಾಕಿದರೆ ಯಾರೂ ಸರಿಸಲಾರರು. ಅಲ್ಲಿ ಸುಳ್ಳಿಲ್ಲ, ಭಯದ ಮಾತಿಲ್ಲ, ಲೋಭವೂ ಇಲ್ಲ. ಆದುದರಿಂದಲೇ ಸಮರ್ಥನೆ ಸುಲಭ. ಆದರೆ 2015ರ ಆಗಸ್ಟಿನಲ್ಲಿ ರಾಜಸ್ಥಾನದ ಹೈಕೋರ್ಟು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮನೆಂದಾಗ, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ತಡೆ ನೀಡುವವರೆಗೂ, ಅದು ಪ್ರದರ್ಶನವಲ್ಲ, ಸಾಧನೆ ಎಂದು ಬೀದಿಗಿಳಿದು ವಾದಿಸಿದ್ದು ಇದೇ ಸಮಾಜ. ಆ ಸಾಧಕರ ಕೊನೆಯ ದಿನಗಳನ್ನು ಅಡುಗೆಯ ವಿಡಿಯೋಕ್ಕೂ ಕ್ರಿಕೆಟ್ಟಿನ ತುಣುಕಿಗೂ ನಡುವೆ ಮೂರು ಸೆಕೆಂಡಿನ ಬೆರಗಾಗಿ ನಿಲ್ಲಿಸುವವರು ಆ ವಾದವನ್ನು ಎದುರು ಪಕ್ಷಕ್ಕೆ ಒಪ್ಪಿಸಿಬಿಡುತ್ತಾರೆ. ಗುಳ್ಳಕಾಯಜ್ಜಿಯ ಕಲ್ಲಿನ ಕೈಗಳಿಗೆ ಸಂಕೋಚವಿಲ್ಲ. ಹಾಸಿಗೆ ಹಿಡಿದ ಆರ್ಯಿಕೆಯ ಒಪ್ಪಿಗೆಯನ್ನು ಕೇಳಿದವರು ಯಾರು?