ಪಂಡು, ಹಣ್ಣು ಮತ್ತು ಪನಿ

ಕಮಲಾಪುರದ ಕೆಂಪು ಬಾಳೆಯನ್ನು ಕಲಬುರಗಿಯಲ್ಲಿ ಕೊಳ್ಳುವ ತೆಲುಗು ನೆರೆಯವರಿಗೆ ‘ಹಣ್ಣು’ ಹೊಸ ಶಬ್ದವೆನಿಸಬಹುದು. ವಸ್ತುತಃ ಅದು ಅವರ ‘ಪಂಡು’ವಿನ ಜ್ಞಾತಿಪದವೇ. ಪಂಪನ ಕಾಲದ ಕನ್ನಡದಲ್ಲಿ ಅದು ‘ಪಣ್’. ಮುಂದೆ ಕನ್ನಡದಲ್ಲಿ ಪದಾದಿಯ ಪಕಾರವು ಹಕಾರವಾಯಿತು. ತೆಲುಗಿನಲ್ಲಿ ಹಾಗೆಯೇ ಉಳಿಯಿತು. ಪಾಲು-ಹಾಲು, ಪುಲಿ-ಹುಲಿ, ಪಾಮು-ಹಾವು ಇದೇ ಬಗೆಯವು. ಆದುದರಿಂದ ಪದಪಟ್ಟಿಗಿಂತ ಮೊದಲು ಈ ಸೂತ್ರವನ್ನು ಕಲಿಸುವುದು ಲೇಸೆಂದು ನನ್ನ ಅಭಿಮತ.

ಸೂತ್ರಕ್ಕೆ ಮಿತಿಯೂ ಉಂಟು. ‘ಪುಸ್ತಕ’ದಂತಹ ಸಂಸ್ಕೃತ ಪದಗಳಲ್ಲಿಯೂ ‘ಉಪ್ಪು’ ಮೊದಲಾದವುಗಳ ದ್ವಿತ್ವದಲ್ಲಿಯೂ ಪಕಾರ ಬದಲಾಗದು. ತೆಲುಗಿನ ‘ಪನಿ’ ಎಂದರೆ ಕೆಲಸ. ಅದನ್ನು ‘ಹನಿ’ ಮಾಡಿದರೆ ನೀರಿನ ತೊಟ್ಟಾಗುತ್ತದೆ. ತಲೆಕಟ್ಟಿನ ಭೇದ ಬಿಟ್ಟರೆ ಎರಡೂ ಲಿಪಿಗಳ ಪಕಾರ ಬಹುತೇಕ ಒಂದೇ. ಆದರೆ ಅಕ್ಷರಸಾಮ್ಯವು ಅರ್ಥಭೇದವನ್ನು ತಿಳಿಸದು. ಊಹಿಸಿದ ಪದವನ್ನು ವಾಕ್ಯದಲ್ಲಿಟ್ಟೇ ಪರೀಕ್ಷಿಸಬೇಕು.