ಮೂರು ಪ್ರಶ್ನೆ, ಹದಿನೈದು ನಿಮಿಷ

ದ್ವಿತೀಯ ಪಿಯು ಮುಗಿಯುವ ಹೊತ್ತಿಗೆ ನಮ್ಮಲ್ಲಿ ಹಲವರು ಊರಿನ ಯಾರಾದರೂ ಹಿರಿಯ ವೈದ್ಯರಿಗೋ ವಕೀಲರಿಗೋ ಲೆಕ್ಕಪರಿಶೋಧಕರಿಗೋ ಸಂದೇಶ ಕಳಿಸುತ್ತಾರೆ: "ಸರ್, ಸ್ವಲ್ಪ ಮಾರ್ಗದರ್ಶನ ಮಾಡಿ." ಉತ್ತರ ಬರುವುದಿಲ್ಲ. ದೊಡ್ಡವರಿಗೆ ನಾವು ಲೆಕ್ಕಕ್ಕಿಲ್ಲ ಎಂದು ಬೇಸರವಾಗುತ್ತದೆ. ನನ್ನ ಪ್ರಕಾರ ತೊಂದರೆ ಹೆಚ್ಚಾಗಿ ಆ ಸಂದೇಶದಲ್ಲೇ ಇದೆ. ಎಷ್ಟು ಹೊತ್ತು ಬೇಕು, ಯಾವ ವಿಷಯ ಬೇಕು ಎಂದು ಅದರಲ್ಲಿ ತಿಳಿಯುವುದಿಲ್ಲ. ಆದ್ದರಿಂದ 'ಆಮೇಲೆ ನೋಡೋಣ' ಎಂದು ಬದಿಗಿಟ್ಟವರು ಮರೆತುಬಿಡುತ್ತಾರೆ.

ಸಿಎ ಓದಬೇಕೆಂದಿರುವ ವಾಣಿಜ್ಯ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳಿ. ಫೌಂಡೇಶನ್‌ನಲ್ಲಿ 4 ಪತ್ರಿಕೆಗಳಿವೆ, ಪ್ರತಿಯೊಂದರಲ್ಲೂ ಕನಿಷ್ಠ ಶೇ. 40, ಒಟ್ಟಾರೆ ಶೇ. 50 ಅಂಕ ಬೇಕು, ಇಂಟರ್‌ಮೀಡಿಯೆಟ್‌ನ ಎರಡೂ ಗ್ರೂಪ್ ಆದ ಮೇಲೆ 2 ವರ್ಷ ಆರ್ಟಿಕಲ್‌ಶಿಪ್ ಇದೆ. ಇವೆಲ್ಲ ಸಿಎ ಸಂಸ್ಥೆಯ ಜಾಲತಾಣದಲ್ಲೇ ಸಿಗುತ್ತವೆ. ಇದನ್ನೇ ಹಿರಿಯರ ಬಳಿ ಕೇಳಿದರೆ, ಈಕೆ ಏನೂ ಓದಿಕೊಂಡು ಬಂದಿಲ್ಲ ಎಂದು ಅವರಿಗೆ ತಕ್ಷಣ ಗೊತ್ತಾಗುತ್ತದೆ. ಅವರ ಅನುಭವದಿಂದ ಮಾತ್ರ ಸಿಗುವುದನ್ನು ಕೇಳಬೇಕು. ಅವಳ ಪತ್ರ ಹೀಗಿರಬಹುದು:

"ಮಾನ್ಯರೇ, ನಾನು ದ್ವಿತೀಯ ಪಿಯು ವಾಣಿಜ್ಯ ವಿದ್ಯಾರ್ಥಿನಿ. ನಿಮ್ಮ ಫೋನ್ ನಂಬರನ್ನು ನಮ್ಮ ಅಕೌಂಟೆನ್ಸಿ ಉಪನ್ಯಾಸಕರು ಕೊಟ್ಟರು. ಸಿಎ ಕೋರ್ಸಿನ ನಿಯಮಗಳನ್ನು ಓದಿದ್ದೇನೆ. ಮೂರು ವಿಷಯ ಕೇಳಬೇಕಿತ್ತು. ನಿಮ್ಮ ಕಚೇರಿಯ ಆರ್ಟಿಕಲ್ ವಿದ್ಯಾರ್ಥಿಗಳು ಮೊದಲ ಆರು ತಿಂಗಳು ನಿಜವಾಗಿ ಯಾವ ಕೆಲಸ ಮಾಡುತ್ತಾರೆ? ಕೆಲಸದ ಜೊತೆಗೆ ಓದಲು ಅವರಿಗೆ ಎಷ್ಟು ಸಮಯ ಸಿಗುತ್ತದೆ? ಕೋರ್ಸನ್ನು ಅರ್ಧಕ್ಕೆ ಬಿಟ್ಟವರು ಯಾಕೆ ಬಿಟ್ಟರು? ಫೋನಿನಲ್ಲಿ 15 ನಿಮಿಷ ಸಾಕು. ಶನಿವಾರ ಅಥವಾ ಮುಂದಿನ ವಾರ, ನಿಮಗೆ ಅನುಕೂಲವಾದಾಗ. ಬಿಡುವಿಲ್ಲದಿದ್ದರೆ ಒಂದು ಪ್ರಶ್ನೆಗೆ ವಾಯ್ಸ್ ಮೆಸೇಜ್ ಕಳಿಸಿದರೂ ಉಪಕಾರವಾಗುತ್ತದೆ."

ಇದನ್ನು ಓದಿದವರಿಗೆ ಒಪ್ಪುವುದೂ ಸುಲಭ, ಆಗುವುದಿಲ್ಲ ಎನ್ನುವುದೂ ಸುಲಭ. ಯಾವಾಗ ಕಳಿಸುತ್ತೇವೆ ಎಂಬುದೂ ಮುಖ್ಯ. ಜುಲೈನಿಂದ ಅಕ್ಟೋಬರ್‌ವರೆಗೆ ಸಿಎ ಕಚೇರಿಗಳು ತೆರಿಗೆ ರಿಟರ್ನ್ಸ್, ಆಡಿಟ್‌ಗಳಲ್ಲಿ ಮುಳುಗಿರುತ್ತವೆ. ಆಗಿನ ಮೌನವನ್ನು ತಿರಸ್ಕಾರವೆಂದು ತಿಳಿಯಬೇಕಿಲ್ಲ. ವಾರ ಕಳೆದ ಮೇಲೆ ಒಮ್ಮೆ ನೆನಪಿಸಬಹುದು, ಅದಕ್ಕೂ ಉತ್ತರವಿಲ್ಲದಿದ್ದರೆ ಬೇರೊಬ್ಬರನ್ನು ಕೇಳಬೇಕು.

ಹದಿನೈದು ನಿಮಿಷ ಎಂದಮೇಲೆ ಹದಿನಾಲ್ಕನೇ ನಿಮಿಷಕ್ಕೆ ನಾವೇ "ಸಮಯವಾಯಿತು ಸರ್" ಎನ್ನಬೇಕು. ಮುಂದುವರಿಸುವುದು ಬಿಡುವುದು ಅವರಿಷ್ಟ. ಅದೇ ಮಾತಿನಲ್ಲಿ ಸೀಟು, ಶಿಫಾರಸು, ಕೆಲಸ ಕೇಳಬಾರದು. ಮಾಹಿತಿಯ ನೆಪದಲ್ಲಿ ಬೇರೇನೋ ಬೇಡಿದಂತಾಗಿ, ನಮ್ಮ ನಂತರ ಕೇಳುವ ಜೂನಿಯರ್‌ಗಳಿಗೂ ಬಾಗಿಲು ಮುಚ್ಚಬಹುದು.

ಇನ್ನೊಂದು ಮಿತಿಯೂ ಇದೆ. ಇಪ್ಪತ್ತು ವರ್ಷ ಹಿಂದೆ ಪಾಸಾದವರು ಓದಿದ್ದು ಹಳೆಯ ಪಠ್ಯಕ್ರಮ. ಅವರ ಕಾಲದಲ್ಲಿ ಆರ್ಟಿಕಲ್‌ಶಿಪ್ ಕೂಡ 2 ವರ್ಷಕ್ಕಿಂತ ದೀರ್ಘವಾಗಿತ್ತು. ಆದ್ದರಿಂದ ಕೊನೆಯಲ್ಲಿ "ಈಗ ಆರ್ಟಿಕಲ್‌ಶಿಪ್ ಮಾಡುತ್ತಿರುವ ಒಬ್ಬರ ಜೊತೆ ಮಾತಾಡಬಹುದೇ?" ಎಂದು ಕೇಳುವುದು ಒಳ್ಳೆಯದು. ಇಬ್ಬರ ಉತ್ತರಗಳನ್ನೂ ಪಕ್ಕಪಕ್ಕದಲ್ಲಿ ಬರೆದಿಟ್ಟುಕೊಂಡರೆ, ವೃತ್ತಿಯಲ್ಲಿ ಏನು ಬದಲಾಗಿದೆ, ಏನು ಹಾಗೇ ಉಳಿದಿದೆ ಎಂಬುದು ಕಾಣುತ್ತದೆ.